ಚಿತ್ರದ ಜೊತೆಗೊಂದು ಪ್ರಬಂಧ: ಪ್ರಯೋಗ ಮತ್ತು ಸಿದ್ಧಾಂತದ ನಡುವೆ



ಬ್ರಿಟನ್, ಆಸ್ಟ್ರೇಲಿಯಾ ಮುಂತಾದ ಕಡೆ ಸಿನಿಮಾ ವಿದ್ಯಾರ್ಥಿಗಳು ಬರಿಯ ಲಿಖಿತ ಮಹಾಪ್ರಬಂಧದ ಬದಲು ತಾವೇ ಮಾಡಿದ ಚಿತ್ರವನ್ನು ಪದವಿಗೆ ಸಲ್ಲಿಸುವ ಪದ್ಧತಿ ದಶಕಗಳಿಂದ ಇದೆ. ಆದರೆ ಚಿತ್ರವೊಂದೇ ಸಾಲದು, ಜೊತೆಗೆ ಅವಲೋಕನ ಪ್ರಬಂಧವೊಂದನ್ನೂ ಕೊಡಬೇಕು. ಸ್ನಾತಕೋತ್ತರ ಹಂತದಲ್ಲಿ ಅದು ಕೆಲವು ಸಾವಿರ ಪದಗಳಷ್ಟಿರುತ್ತದೆ, ಪಿಎಚ್.ಡಿ.ಯಲ್ಲಿ ಅದರ ಹಲವು ಪಟ್ಟು. ಚಿತ್ರವನ್ನು ಚೆನ್ನಾಗಿ ಮಾಡಿದವರೂ ಈ ಬರಹದಲ್ಲಿ ಎಡವುತ್ತಾರೆ. ಕೆಲವರು ಅಲ್ಲಿ ಚಿತ್ರೀಕರಣದ ಕಷ್ಟಸುಖ ಹೇಳಿಕೊಳ್ಳುತ್ತಾರೆ, ಕೆಲವರು ಓದಿದ ಪುಸ್ತಕಗಳ ಸಾರಾಂಶ ಕೊಡುತ್ತಾರೆ, ಇನ್ನು ಕೆಲವರು ತಮ್ಮ ಚಿತ್ರದ ಅರ್ಥವನ್ನು ತಾವೇ ವಿವರಿಸಲು ಹೊರಡುತ್ತಾರೆ. ಪ್ರಬಂಧ ದಾಖಲಿಸಬೇಕಾದದ್ದು ನಿರ್ಧಾರಗಳನ್ನು ಎಂಬುದು ನನ್ನ ವಾದ. ಎರಡು ದಾರಿ ಎದುರಿದ್ದಾಗ ಒಂದನ್ನು ಯಾಕೆ ಹಿಡಿದೆ, ಅದರಿಂದ ಏನು ತಿಳಿಯಿತು ಎಂಬುದೇ ಅದರ ವಸ್ತು.

1

ಲಾರಾ ಮಲ್ವಿ ಅವರ ‘ವಿಷುಯಲ್ ಪ್ಲೆಶರ್ ಅಂಡ್ ನರೇಟಿವ್ ಸಿನಿಮಾ’ ಎಂಬ ಲೇಖನ 1975ರಲ್ಲಿ ‘ಸ್ಕ್ರೀನ್’ ಪತ್ರಿಕೆಯಲ್ಲಿ ಬಂತು. ಹಾಲಿವುಡ್ ಚಿತ್ರ ಹೆಣ್ಣನ್ನು ಗಂಡಿನ ನೋಟದ ವಸ್ತುವಾಗಿ ಹೇಗೆ ಕೂರಿಸುತ್ತದೆ ಎಂಬುದು ಅದರ ವಿಷಯ. ಎರಡು ವರ್ಷಗಳ ನಂತರ, 1977ರಲ್ಲಿ, ಅವರು ಪೀಟರ್ ವೊಲೆನ್ ಜೊತೆ ಸೇರಿ ‘ರಿಡಲ್ಸ್ ಆಫ್ ದಿ ಸ್ಫಿಂಕ್ಸ್’ ಚಿತ್ರ ಮಾಡಿದರು. ಅದರ ನಡುಭಾಗದಲ್ಲಿ ಲೂಯಿಸ್ ಎಂಬ ತಾಯಿಯ ಕಥೆ 13 ಶಾಟ್‌ಗಳಲ್ಲಿ ಸಾಗುತ್ತದೆ. ಪ್ರತಿಯೊಂದರಲ್ಲೂ ಕ್ಯಾಮೆರಾ ನಿಧಾನವಾಗಿ 360 ಡಿಗ್ರಿ ಸುತ್ತುತ್ತದೆ. ಅದು ಲೂಯಿಸ್‌ಳನ್ನು ಹಿಂಬಾಲಿಸುವುದಿಲ್ಲ. ಸುತ್ತುವ ಚೌಕಟ್ಟಿನೊಳಗೆ ಅವಳು ಬರುತ್ತಾಳೆ, ಹೋಗುತ್ತಾಳೆ.

1975ರ ಲೇಖನವನ್ನು ಎಷ್ಟು ಸಲ ಓದಿದರೂ ಕ್ಯಾಮೆರಾವನ್ನು ಹೀಗೆ ಸುತ್ತಿಸಿ ಎಂಬ ಸೂಚನೆ ಸಿಗುವುದಿಲ್ಲ. ಹಳೆಯ ನೋಟ ಬೇಡ ಎಂದು ಸಿದ್ಧಾಂತ ಹೇಳಿತು. ಹಾಗಾದರೆ ಕ್ಯಾಮೆರಾ ಎಲ್ಲಿಡಬೇಕು, ಎಷ್ಟು ಹೊತ್ತು ನಡೆಸಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಚಿತ್ರವೇ ಹುಡುಕಿಕೊಳ್ಳಬೇಕಾಯಿತು. ಸಿದ್ಧಾಂತಕ್ಕೂ ಶಾಟ್‌ಗೂ ನಡುವಿನ ಈ ಅಂತರವನ್ನು ಹೇಗೆ ದಾಟಿದೆವು ಎಂದು ಹೇಳುವುದೇ ಅವಲೋಕನ ಪ್ರಬಂಧದ ಕೆಲಸ.

2

ಇದನ್ನು ವಿವರವಾಗಿ ನೋಡಲು ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಕರಾವಳಿಯ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲೇ ಬೀಡಿ ಕಟ್ಟುವ ನೆರೆಮನೆಯ ಅಕ್ಕನ ಬಗ್ಗೆ 15 ನಿಮಿಷದ ಚಿತ್ರ ಮಾಡಿದ್ದಾಳೆ. ನೆನೆಸಿದ ಎಲೆಯನ್ನು ಕತ್ತರಿಯಲ್ಲಿ ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತುವುದು, ತುದಿ ಮಡಚುವುದು, ನೂಲು ಕಟ್ಟುವುದು. ಚಿತ್ರದ ಮುಖ್ಯ ದೃಶ್ಯ ಇಷ್ಟೇ. ಪ್ರಬಂಧದ ಮೊದಲ ಕರಡಿನಲ್ಲಿ ಅವಳು ಹೀಗೆ ಬರೆಯುತ್ತಾಳೆ:

“ಮಲ್ವಿಯವರ ಸಿದ್ಧಾಂತಕ್ಕೆ ಅನುಗುಣವಾಗಿ ಈ ಚಿತ್ರವು ಪುರುಷ ನೋಟವನ್ನು ಪ್ರಶ್ನಿಸುತ್ತದೆ. ಶಾಂತಾಲ್ ಆಕರ್‌ಮನ್ ಅವರಂತೆ ಇಲ್ಲಿಯೂ ದೀರ್ಘ ಶಾಟ್ ಬಳಸಲಾಗಿದೆ.”

ಮೇಲ್ನೋಟಕ್ಕೆ ವಾಕ್ಯಗಳಲ್ಲಿ ತಪ್ಪಿಲ್ಲ, ಆದರೆ ಬೀಡಿ ಕಟ್ಟುವ ಅಕ್ಕ ಎಲ್ಲೂ ಇಲ್ಲ. ಇದೇ ಎರಡು ವಾಕ್ಯವನ್ನು ಮೀನು ಮಾರುವವರ ಚಿತ್ರಕ್ಕೂ ಅಂಟಿಸಬಹುದು. ಪರೀಕ್ಷೆ ಸುಲಭ: ಸಿದ್ಧಾಂತದ ಸಾಲನ್ನು ತೆಗೆದುಹಾಕಿ ನೋಡಿ. ಯಾವ ಶಾಟ್‌ನ ವಿವರಣೆಯೂ ಬದಲಾಗದಿದ್ದರೆ ಆ ಸಿದ್ಧಾಂತ ಚಿತ್ರಕ್ಕೆ ಸೇರಿದ್ದಲ್ಲ, ಆಮೇಲೆ ಅಂಟಿಸಿದ್ದು. ಅವಳ ಎರಡನೆಯ ಕರಡು ಹೀಗಿದೆ:

“ಮೊದಲ ರಫ್ ಕಟ್‌ನಲ್ಲಿ ಈ ದೃಶ್ಯ 40 ಸೆಕೆಂಡಿನದು. ಅದರಲ್ಲಿದ್ದ 11 ಶಾಟ್‌ಗಳೂ ಬೆರಳುಗಳ ಕ್ಲೋಸಪ್. ನೋಡಿದವರು ಕೈಚಳಕವನ್ನು ಹೊಗಳಿದರು. ಇವರು ದಿನಕ್ಕೆ ಎಷ್ಟು ಹೊತ್ತು ಹೀಗೆ ಕೂತಿರುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಹೆಣ್ಣಿನ ದೇಹದ ತುಣುಕನ್ನು ಕ್ಲೋಸಪ್‌ನಲ್ಲಿ ತೋರಿಸಿದಾಗ ಸುತ್ತಲಿನ ಜಾಗ ಅಳಿಸಿಹೋಗುತ್ತದೆ ಎಂದು ಮಲ್ವಿ ಹೇಳಿದ್ದು ನನ್ನ ಟೈಮ್‌ಲೈನ್‌ನಲ್ಲೇ ಕಂಡಿತು. ಮೂರನೆಯ ಕಟ್‌ನಲ್ಲಿ 11 ಶಾಟ್‌ಗಳನ್ನೂ ತೆಗೆದು, ಎದುರಿನಿಂದ ಹಿಡಿದ 4 ನಿಮಿಷದ ಒಂದೇ ಶಾಟ್ ಇಟ್ಟೆ.”

ಈಗ ಸಿದ್ಧಾಂತಕ್ಕೆ ಒಂದು ಕೆಲಸ ಸಿಕ್ಕಿತು. ಆದರೆ ಪ್ರಬಂಧ ಇಲ್ಲಿಗೇ ನಿಂತರೆ, ಸಿದ್ಧಾಂತ ಹೇಳಿದ್ದನ್ನು ಚಿತ್ರ ಪಾಲಿಸಿತು ಎಂದಷ್ಟೇ ಆಗುತ್ತದೆ. ಮುಂದಿನ ಹೆಜ್ಜೆ, ಸಿದ್ಧಾಂತ ಅಥವಾ ಮಾದರಿ ಎಲ್ಲಿ ಹೊಂದಲಿಲ್ಲ ಎಂದು ನೋಡುವುದು. ಆಕರ್‌ಮನ್ ಅವರ ‘ಜಾನ್ ಡೀಲ್ಮನ್’ 1975ರ ಚಿತ್ರ, 201 ನಿಮಿಷದ್ದು. ಆಲೂಗಡ್ಡೆ ಸುಲಿಯುವಂಥ ಮನೆಗೆಲಸ ಅಲುಗದ ಚೌಕಟ್ಟಿನಲ್ಲಿ ದೀರ್ಘವಾಗಿ ನಡೆಯುತ್ತದೆ. ಆದರೆ ಅಲ್ಲಿ ಆ ಕೆಲಸ ಮಾಡುವವರು ಡೆಲ್ಫಿನ್ ಸೇರಿಗ್ ಎಂಬ ನಟಿ. ಆ ನಿಧಾನವನ್ನು ಗೊತ್ತುಮಾಡುವವರು ನಿರ್ದೇಶಕಿ. ನಮ್ಮ ಅಕ್ಕನಿಗೆ ಕೂಲಿ ಸಿಗುವುದು ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಬೆಳಕು ಸರಿಮಾಡುವಾಗ ಕೈ ನಿಂತರೆ ನಷ್ಟ ಅವಳದು. ಹಾಗಾಗಿ ಈ 4 ನಿಮಿಷದ ವೇಗವನ್ನು ನಿರ್ಧರಿಸಿದ್ದು ನಿರ್ದೇಶಕಿ ಅಲ್ಲ, ಕೂಲಿಯ ದರ. ‘ಆಕರ್‌ಮನ್ ಅವರಂತೆ’ ಎನ್ನುವಂತಿಲ್ಲ. ಇದು ಚಿತ್ರ ಮಾಡಿದ್ದರಿಂದಲೇ ದಕ್ಕಿದ ತಿಳಿವಳಿಕೆ, ಪರೀಕ್ಷಕರು ಹುಡುಕುವುದೂ ಇದನ್ನೇ.

3

ಇಂಥ ಪ್ಯಾರಾ ಬರೆಯಲು ನೆನಪನ್ನು ನಂಬಿದರೆ ಆಗದು. ಚಿತ್ರ ಮುಗಿದ ಮೇಲೆ ನಾವು ಮಾಡಿದ್ದೆಲ್ಲ ಮೊದಲೇ ಯೋಚಿಸಿ ಮಾಡಿದ್ದು ಎಂದೇ ಅನ್ನಿಸುತ್ತದೆ. ಆದ್ದರಿಂದ ಮೊದಲ ದಿನದಿಂದ ಎರಡು ದಾಖಲೆ ಬೇಕು. ಒಂದು, ತಾರೀಕು ಹಾಕಿದ ಡೈರಿ: ಏನು ಪ್ರಯತ್ನಿಸಿದೆ, ಏನು ಬಿಟ್ಟೆ, ಆಗ ಏನು ಓದುತ್ತಿದ್ದೆ. ಇನ್ನೊಂದು, ಕಟ್‌ಗಳ ಹಳೆಯ ಪ್ರತಿಗಳು. ಟೈಮ್‌ಲೈನ್‌ನ ಮೇಲೆಯೇ ತಿದ್ದುತ್ತ ಹೋದರೆ ಮೊದಲ ಕಟ್ ಅಳಿಸಿಹೋಗುತ್ತದೆ. ದೊಡ್ಡ ಬದಲಾವಣೆಗೆ ಮುಂಚೆ ಒಂದು ನಕಲು ತೆಗೆದು, ಹೆಸರಿಟ್ಟು ಉಳಿಸಿ. ಪ್ರಬಂಧದಲ್ಲಿ ದೃಶ್ಯವನ್ನು ಟೈಮ್‌ಕೋಡ್ ಸಮೇತ ಹೇಳಿ, ಹಳೆಯ ಮತ್ತು ಹೊಸ ಚೌಕಟ್ಟಿನ ಎರಡು ಸ್ಥಿರಚಿತ್ರಗಳನ್ನು ಅಕ್ಕಪಕ್ಕ ಹಾಕಿದರೆ ಓದುವವರು ನಿಮ್ಮ ಮಾತನ್ನು ತಾಳೆ ನೋಡಬಹುದು.

ಕಾಲಕ್ರಮದ ವಿಷಯದಲ್ಲಿ ಒಂದು ಎಚ್ಚರ. ಡೊನಾಲ್ಡ್ ಶಾನ್ 1983ರ ‘ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’ ಪುಸ್ತಕದಲ್ಲಿ, ವೃತ್ತಿಯವರು ಕೆಲಸದ ನಡುವೆಯೇ ಕೈಯಿಂದ ಯೋಚಿಸುವ ಬಗೆಯನ್ನು ವಿವರಿಸಿದ್ದಾರೆ. ಕೆಲಸ ಮುಗಿದ ಮೇಲೆ ಹಿಂತಿರುಗಿ ನೋಡುವುದು ಬೇರೆ. ಕ್ಲೋಸಪ್ ತೆಗೆದುಹಾಕಿದ ದಿನ ನೀವು ಮಲ್ವಿಯನ್ನು ಓದಿರದಿದ್ದರೆ ಹಾಗೆಂದೇ ಬರೆಯಿರಿ: ಇರುಸುಮುರುಸಾಗಿ ತೆಗೆದೆ, ಕಾರಣ ಆಮೇಲೆ ಓದಿನಲ್ಲಿ ಸಿಕ್ಕಿತು. ಓದು ತಡವಾಗಿ ಬಂದದ್ದರಿಂದ ಅಂಕ ಕಳೆಯಬೇಕಿಲ್ಲ. ಡೈರಿಯ ತಾರೀಕು ಒಂದು, ಪ್ರಬಂಧದ ಮಾತು ಇನ್ನೊಂದು ಎಂದಾದರೆ ಮಾತ್ರ ಮೌಖಿಕ ಪರೀಕ್ಷೆಯಲ್ಲಿ ಉತ್ತರಿಸುವುದು ಕಷ್ಟ.

4

ಈ ಬರಹಕ್ಕೂ ಒಂದು ಮಿತಿಯಿದೆ. ತೆರೆಯ ಮೇಲೆ ಇಲ್ಲದ್ದನ್ನು ಪ್ರಬಂಧ ತಂದುಕೊಡಲಾರದು. ಕೂಲಿಯ ದರವೇ ಶಾಟ್‌ನ ವೇಗ ಎಂಬ ಮಾತು ಪುಟದಲ್ಲಿ ಮಾತ್ರ ಇದ್ದು, ಚಿತ್ರದಲ್ಲಿ ಅಕ್ಕ ಲೆಕ್ಕ ಹಾಕುವ ದನಿಯಾಗಲಿ, ಎಣಿಸಿಟ್ಟ ಬೀಡಿ ಕಟ್ಟುಗಳಾಗಲಿ ಇಲ್ಲದಿದ್ದರೆ, ಪ್ರಬಂಧವನ್ನು ತಿದ್ದುವ ಮೊದಲು ಎಡಿಟಿಂಗ್ ಟೇಬಲ್‌ಗೆ ಮರಳಬೇಕು. ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನ ಸಲಹೆ, ಪ್ರಬಂಧದ ಮೊದಲ ಕರಡನ್ನು ಕೊನೆಯ ಕಟ್‌ಗೆ ಮುಂಚೆಯೇ ಬರೆಯಿರಿ. ಚಿತ್ರವನ್ನು ಇನ್ನೂ ಬದಲಿಸಲು ಸಾಧ್ಯವಿರುವಾಗ ಬರೆದರೆ, ಬರಹದಲ್ಲಿ ಕಂಡ ಕೊರತೆಯನ್ನು ಚಿತ್ರದಲ್ಲೇ ಸರಿಪಡಿಸಿಕೊಳ್ಳಬಹುದು.