ಗುಜ್ಜೆಯ ಮೇಣ ಮತ್ತು ಶಾಲೆಯ ಅಡುಗೆಮನೆ

(ದಕ್ಷಿಣ ಕನ್ನಡದ ಅಕ್ಷರ ದಾಸೋಹ ಅಡುಗೆ ಸಿಬ್ಬಂದಿಯ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಕರಾವಳಿಯಲ್ಲಿ ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ ಎಳೆಯ ಹಲಸಿನಕಾಯಿ, ಅಂದರೆ ಗುಜ್ಜೆ, ಮರದಲ್ಲಿರುತ್ತದೆ. ಕಾಯಿ ಬಲಿತು ಹಣ್ಣಾಗುವ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ. ಮತ್ತೆ ಶಾಲೆ ತೆರೆಯುವಾಗ ಊರಿನ ಮನೆಮನೆಯಲ್ಲಿ ಹಲಸಿನ ಬೀಜದ ರಾಶಿ ಬಿದ್ದಿರುತ್ತದೆ. ಹೀಗಾಗಿ ಬಿಸಿಯೂಟದ ಮಟ್ಟಿಗೆ ಹಲಸು ಎಂದರೆ ರಜೆಯ ಮೊದಲು ಗುಜ್ಜೆ, ರಜೆಯ ನಂತರ ಬೀಜ. ಪೋಷಕರು ಇವೆರಡನ್ನೂ ಸಂತೋಷದಿಂದ ಶಾಲೆಗೆ ಕೊಡುತ್ತಾರೆ. ಆದರೂ ಅನೇಕ ಅಡುಗೆಮನೆಗಳಲ್ಲಿ ಗುಜ್ಜೆ ಮೂಲೆಯಲ್ಲಿಯೇ ಉಳಿದು ಬಲಿತುಹೋಗುತ್ತದೆ. ಕಾರಣ ರುಚಿಯಲ್ಲ, ಮೇಣ. ಹತ್ತೂವರೆಗೆ ಅಕ್ಕಿ ತೊಳೆಯಬೇಕಾದ ಕೈಗೆ ಮೇಣ ಮೆತ್ತಿಕೊಂಡರೆ ಆ ದಿನದ ಕೆಲಸವೆಲ್ಲ ಹಿಂದೆ ಬೀಳುತ್ತದೆ. ಮೇಣದ ಕೈಯಲ್ಲಿ ಕತ್ತಿ ಜಾರಿದರೆ ಅದಕ್ಕಿಂತ ದೊಡ್ಡ ಕಷ್ಟ. ಆದ್ದರಿಂದ ಇಂದು ಮಸಾಲೆಯ ವಿಚಾರವನ್ನು ನಿಮ್ಮ ಅನುಭವಕ್ಕೇ ಬಿಟ್ಟು, ಮೇಣದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೇಣವು ಕಾಯಿಯಿಂದ ಹೊರಬರುವಾಗ ಹಾಲಿನಂತೆ ತೆಳ್ಳಗಿರುತ್ತದೆ. ರಬ್ಬರ್ ಮರದ ಹಾಲನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ನೀರಿನಲ್ಲಿ ಅಂಟಿನ ಅತಿ ಸಣ್ಣ ಕಣಗಳು ತೇಲುತ್ತಿರುವುದರಿಂದ ಅದಕ್ಕೆ ಆ ಬಿಳುಪು. ಗಾಳಿ ತಗುಲಿ ನೀರು ಆರುತ್ತಿದ್ದಂತೆ ಆ ಕಣಗಳು ಒಂದಕ್ಕೊಂದು ಕೂಡಿಕೊಂಡು ಎಳೆಯೆಳೆಯಾದ ಅಂಟಾಗುತ್ತವೆ. ಹೀಗೆ ಕೂಡಿದ ಅಂಟು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಮೆತ್ತಗಾಗಿ ಬಿಡುತ್ತದೆ. ಮೇಣದ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿದಷ್ಟೂ ಅದು ಬೆರಳುಗಳ ನಡುವೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ ಎಂಬುದು ನಿಮಗೆಲ್ಲ ತಿಳಿದದ್ದೇ. ಗುಜ್ಜೆಯ ಕೆಲಸ ಮುಗಿಯುವವರೆಗೆ ಎಣ್ಣೆ ಮೊದಲು, ಒರೆಸುವುದು ಆಮೇಲೆ, ನೀರು ಕೊನೆಗೆ ಎಂಬ ಕ್ರಮವನ್ನು ಬಿಡಬಾರದು.

ಮೇಣವು ಕಾಯಿಯಲ್ಲಿ ಎಲ್ಲೆಡೆಯೂ ಸಮನಾಗಿ ಇರುವುದಿಲ್ಲ. ತೊಟ್ಟು, ಮುಳ್ಳುಸಿಪ್ಪೆ ಮತ್ತು ನಡುವಿನ ಗೂಂಜು, ಇವು ಮೂರೇ ಅದರ ಮುಖ್ಯ ನೆಲೆಗಳು. ನಮಗೆ ಬೇಕಾದ ತಿರುಳಿನ ಭಾಗದಲ್ಲಿ ಅದು ಬಹಳ ಕಡಿಮೆ. ಗೂಂಜು ಮತ್ತು ಸಿಪ್ಪೆಯನ್ನು ತಿರುಳಿನಿಂದ ಎಷ್ಟು ಬೇಗ ಬೇರ್ಪಡಿಸುತ್ತೇವೆಯೋ ಅಷ್ಟು ಬೇಗ ನಮ್ಮ ತೊಂದರೆ ಮುಗಿಯುತ್ತದೆ.

ಒಂದು ಶಾಲೆಯ ಲೆಕ್ಕವನ್ನೇ ಹಿಡಿಯೋಣ. 1ರಿಂದ 5ನೇ ತರಗತಿಯ 60 ಮಕ್ಕಳು ಊಟಕ್ಕೆ ಇದ್ದಾರೆ. ಮಗುವೊಂದಕ್ಕೆ 50 ಗ್ರಾಂ ತರಕಾರಿಯಂತೆ 3 ಕಿಲೋ ತರಕಾರಿ, 20 ಗ್ರಾಂ ಬೇಳೆಯಂತೆ 1 ಕಿಲೋ 200 ಗ್ರಾಂ ತೊಗರಿಬೇಳೆ ಬೇಕು. ಗುಜ್ಜೆಯ ಸಿಪ್ಪೆ, ಗೂಂಜು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಹಾಗಾಗಿ ತಲಾ 3 ಕಿಲೋ ತೂಗುವ ಎರಡು ಗುಜ್ಜೆಗಳು ಸಾಕು. 6 ಕಿಲೋದ ಒಂದೇ ಕಾಯಿಯನ್ನು ತರುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಅಷ್ಟು ದೊಡ್ಡದು ಬಹುಮಟ್ಟಿಗೆ ಬಲಿತಿರುತ್ತದೆ. ಎಳೆಯ ಕಾಯಿಯ ಮುಳ್ಳುಗಳು ಒತ್ತೊತ್ತಾಗಿ, ಹಸಿರಾಗಿರುತ್ತವೆ. ಕೊಯ್ದಾಗ ಒಳಗಿನ ಬೀಜವನ್ನು ಕತ್ತಿ ತಡೆಯಿಲ್ಲದೆ ಸೀಳಿಕೊಂಡು ಹೋದರೆ ಬೀಜಸಹಿತ ಎಲ್ಲವನ್ನೂ ಬೇಯಿಸಬಹುದು. ಬೀಜದ ಬಿಳಿ ಹೊದಿಕೆ ಕತ್ತಿಗೆ ಗಟ್ಟಿಯಾಗಿ ತಾಗಿದರೆ ಅದು ಗುಜ್ಜೆಯ ಹಂತ ದಾಟಿದೆ. ಆಗ ಸೊಳೆ ಬಿಡಿಸಿ, ಹೊದಿಕೆ ತೆಗೆದು ಬಳಸಬೇಕು. ಅದಕ್ಕೆ ಬೇಕಾದ ಸಮಯವು ಶಾಲೆಯ ಬೆಳಗಿನಲ್ಲಿ ಇರುವುದಿಲ್ಲ.

ಮರದಿಂದ ಆಗತಾನೆ ಇಳಿಸಿದ ಕಾಯಿಯಲ್ಲಿ ಮೇಣ ರಭಸದಿಂದ ಹರಿಯುತ್ತದೆ. ಹಿಂದಿನ ದಿನ ಸಂಜೆಯೇ ಕೊಯ್ದು, ತೊಟ್ಟು ಕೆಳಮುಖವಾಗಿರುವಂತೆ ಇಟ್ಟರೆ ತೊಟ್ಟಿನ ಮೇಣ ಇಳಿದುಹೋಗಿ, ಬೆಳಿಗ್ಗೆ ಕತ್ತರಿಸುವಾಗ ಹರಿವು ಬಹಳ ತಗ್ಗಿರುತ್ತದೆ. ಇದನ್ನು ಶಾಲೆಯ ಜಗಲಿಯ ಮೇಲೆ ಮಾಡಬಾರದು. ಸಿಮೆಂಟಿನ ಮೇಲೆ ಬಿದ್ದ ಮೇಣ ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಕಾಯಿ ಕೊಡುವ ಮನೆಯವರಿಗೇ ಈ ಮಾತು ಹೇಳಿದರೆ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ.

ಬೆಳಿಗ್ಗೆ ಕಾಯಿಯ ಹೊರಮೈ ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿರಿ. ನೆಲಕ್ಕೆ ಹಳೆಯ ಗೋಣಿ, ಅದರ ಮೇಲೆ ಬಾಳೆಲೆ. ಬಳೆ, ಉಂಗುರಗಳನ್ನು ತೆಗೆದಿಡುವುದು ಲೇಸು. ಎರಡು ಕಾಯಿಗಳಿಗೆ ಎರಡು ಮೂರು ಚಮಚ ತೆಂಗಿನೆಣ್ಣೆ ಸಾಕಾಗುತ್ತದೆ. ಅಂಗೈ, ಬೆರಳ ಸಂದು, ಉಗುರಿನ ಬುಡ ಮತ್ತು ಮಣಿಕಟ್ಟಿನವರೆಗೆ ತೆಳುವಾಗಿ ಸವರಿಕೊಳ್ಳಿ. ಕತ್ತಿಯ ಅಲಗಿನ ಎರಡೂ ಬದಿಗೆ ಹಚ್ಚಿರಿ, ಹಿಡಿಗೆ ಮಾತ್ರ ಎಣ್ಣೆ ಸೋಕಬಾರದು. ಹಿಡಿಗೆ ಒಣ ಬಟ್ಟೆಯೊಂದನ್ನು ಬಿಗಿಯಾಗಿ ಸುತ್ತಿ ಹಿಡಿದರೆ ಜಾರುವ ಭಯವಿಲ್ಲ. ಕೈಗೆ ಎಣ್ಣೆ ಸುರಿದುಕೊಳ್ಳುವವರೂ ಇದ್ದಾರೆ. ಹೆಚ್ಚು ಎಣ್ಣೆಯಿಂದ ಮೇಣಕ್ಕೆ ಹೆಚ್ಚು ತಡೆಯೇನೂ ಆಗುವುದಿಲ್ಲ, ಜಾರಿಕೆ ಮಾತ್ರ ಹೆಚ್ಚುತ್ತದೆ. ಮೆಟ್ಟುಕತ್ತಿಯಲ್ಲಿ ಕೊಯ್ಯುವವರಿಗೆ ಹಿಡಿಯ ಚಿಂತೆಯಿಲ್ಲ; ಆದರೆ ಎರಡೂ ಕೈಗಳು ಅಲಗಿನ ಕಡೆಗೇ ಚಲಿಸುವುದರಿಂದ ಅವರು ಇಡೀ ಕಾಯಿಯನ್ನು ಅದರ ಮೇಲೆ ಒತ್ತದೆ, ಮೊದಲು ಬೇರೆ ಕತ್ತಿಯಿಂದ ತುಂಡು ಮಾಡಿಕೊಳ್ಳಬೇಕು.

ಅತ್ಯಂತ ಅಪಾಯದ ಕೊಯ್ತ ಮೊದಲನೆಯದು, ಏಕೆಂದರೆ ಕಾಯಿ ಉರುಳುತ್ತದೆ. ತೊಟ್ಟಿನ ತುದಿಯನ್ನೂ ಕೆಳತುದಿಯನ್ನೂ ಒಂದಿಷ್ಟು ಕತ್ತರಿಸಿ ತೆಗೆಯಿರಿ. ಬಳಿಕ ಕಾಯಿಯನ್ನು ಅಡ್ಡಲಾಗಿ, ಎರಡು ಬೆರಳು ದಪ್ಪದ ಬಿಲ್ಲೆಗಳಾಗಿ ಮಾಡಿರಿ. ಬಿಲ್ಲೆಯು ನೆಲದ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ಉರುಳುವುದಿಲ್ಲ. ಈಗ ಕತ್ತಿಯನ್ನು ಕೆಳಗಿಟ್ಟು ಐದು ನಿಮಿಷ ಸುಮ್ಮನಿರಬೇಕು. ಅವಸರದ ಬೆಳಗಿನಲ್ಲಿ ಈ ಐದು ನಿಮಿಷವನ್ನೇ ಎಲ್ಲರೂ ಉಳಿಸಲು ನೋಡುತ್ತಾರೆ. ಅಷ್ಟರಲ್ಲಿ ಸಿಪ್ಪೆಯ ಅಂಚಿನಲ್ಲೂ ಗೂಂಜಿನ ಸುತ್ತಲೂ ಮೇಣದ ಬಿಳಿ ಹನಿಗಳು ಮೂಡಿ, ಗಟ್ಟಿಯಾಗತೊಡಗುತ್ತವೆ. ಒಣ ತೆಂಗಿನ ನಾರಿನಿಂದ ಅಥವಾ ಕಾಗದದಿಂದ ಅವನ್ನು ಒತ್ತಿ ತೆಗೆಯಿರಿ. ಅಜ್ಜಿಯಂದಿರು ಸಣ್ಣ ಕೋಲಿನ ತುದಿಗೆ ಮೇಣವನ್ನು ತಿರುವಿ ತಿರುವಿ ಸುತ್ತಿಕೊಳ್ಳುತ್ತಿದ್ದ ಕ್ರಮ ಇಂದಿಗೂ ಉತ್ತಮವೇ. ಒದ್ದೆ ಬಟ್ಟೆಯನ್ನು ಇಲ್ಲಿ ಬಳಸಬೇಡಿ, ಅದು ಮೇಣವನ್ನು ತಿರುಳಿನ ಮೇಲೆಲ್ಲ ಬಳಿಯುತ್ತದೆ.

ಅನಂತರ ಬಿಲ್ಲೆಯನ್ನು ನಾಲ್ಕು ಭಾಗ ಮಾಡಿ, ಮೊದಲು ಮೂಲೆಯ ಗೂಂಜನ್ನು, ಆಮೇಲೆ ಸಿಪ್ಪೆಯನ್ನು ತೆಗೆಯಿರಿ. ಸಿಪ್ಪೆ ತೆಗೆಯುವಾಗ ತುಂಡನ್ನು ಮಣೆಯ ಮೇಲೆ ಮಲಗಿಸಿ ಕತ್ತಿಯನ್ನು ಮೇಲಿನಿಂದ ಕೆಳಕ್ಕೆ ಒತ್ತಬೇಕು. ಅಂಗೈಯಲ್ಲಿ ಹಿಡಿದು ಹೆರೆಯಬಾರದು. ಮುಳ್ಳಿನ ಕೆಳಗಿನ ಹಸಿರು ಪದರವೂ ಪೂರ್ತಿ ಹೋಗಬೇಕು. ಅದು ಉಳಿದರೆ ಎಷ್ಟು ಬೆಂದರೂ ಹಲ್ಲಿಗೆ ಸಿಗುತ್ತದೆ. ಶುದ್ಧವಾದ ತುಂಡುಗಳನ್ನು ಒಂದು ಅಂಗುಲದ ಹೋಳುಗಳಾಗಿಸಿ, ಸ್ವಲ್ಪ ಮಜ್ಜಿಗೆ ಬೆರೆಸಿದ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಒರೆಸುವ ಮೊದಲೇ ನೀರಿಗೆ ಹಾಕಿದರೆ ಮೇಣ ಅಲ್ಲಿಯೇ ಹೆಪ್ಪುಗಟ್ಟಿ ಹೋಳಿಗೂ ಪಾತ್ರೆಗೂ ಹತ್ತಿಕೊಳ್ಳುತ್ತದೆ. ಇಬ್ಬರು ಕೂತರೆ ಎರಡು ಕಾಯಿಗಳ ಈ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಬಹುದು.

ಬೇಯಿಸುವ ಪಾತ್ರೆಯ ಒಳ ಅಂಚಿಗೂ ಎಣ್ಣೆ ಸವರಿರಿ. ಎಷ್ಟು ಒರೆಸಿದರೂ ಉಳಿಯುವ ಅಲ್ಪ ಮೇಣ ಕುದಿಯುವಾಗ ಮೇಲೆ ತೇಲಿ ಅಂಚಿಗೆ ಉಂಗುರದಂತೆ ಅಂಟುತ್ತದೆ, ಎಣ್ಣೆಯಿದ್ದರೆ ಸುಲಭವಾಗಿ ಬಿಡುತ್ತದೆ. ಹೋಳು ಮುಳುಗುವಷ್ಟು ನೀರು, ಅರಿಶಿನ ಹಾಕಿ ಬೇಯಿಸಬೇಕು. ಹುಣಸೆಹುಳಿಯನ್ನು ಈ ಹಂತದಲ್ಲಿ ಸೇರಿಸಬಾರದು. ಹುಳಿ ಬಿದ್ದ ತರಕಾರಿ ಮೆತ್ತಗಾಗಲು ಬಹಳ ತಡಮಾಡುತ್ತದೆ. 20ರಿಂದ 25 ನಿಮಿಷದ ಬಳಿಕ ಒಂದು ಹೋಳನ್ನು ಬೆರಳುಗಳ ನಡುವೆ ಒತ್ತಿ ನೋಡಿ. ಅದು ನಾರುನಾರಾಗಿ ಸಡಿಲಗೊಂಡರೆ ಬೆಂದಿದೆ. ರಬ್ಬರಿನಂತೆ ಮರಳಿ ಉಬ್ಬಿದರೆ ಇನ್ನೂ ಬೇಕು. ಅರೆಬೆಂದ ಗುಜ್ಜೆಯನ್ನು ಮಕ್ಕಳು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಾರೆ. ಬೆಂದ ಮೇಲೆ ಬೇರೆಯಾಗಿ ಬೇಯಿಸಿದ ಬೇಳೆ, ಉಪ್ಪು, ಹುಳಿ, ಚಿಟಿಕೆ ಬೆಲ್ಲ, ತೆಂಗಿನಕಾಯಿಯೊಂದಿಗೆ ಅರೆದ ಮಸಾಲೆ ಸೇರಿಸಿ ಕುದಿಸಿದರೆ ಸಾಂಬಾರು ಸಿದ್ಧ.

ಕೆಲಸ ಮುಗಿದ ಮೇಲೆ ಕೈ, ಕತ್ತಿ, ಮಣೆಗಳಿಗೆ ಇನ್ನೊಮ್ಮೆ ಎಣ್ಣೆ ತಿಕ್ಕಿ, ಕಾಗದದಿಂದ ಒರೆಸಿ, ಕೊನೆಗೆ ಸಾಬೂನು ಮತ್ತು ಬಿಸಿನೀರು ಬಳಸಿರಿ. ಮೇಣ ಬಿಡಿಸಲು ಸೀಮೆಎಣ್ಣೆ ಬಳಸುವ ಹಳೆಯ ರೂಢಿಗೆ ಮಕ್ಕಳ ಅಡುಗೆಮನೆಯಲ್ಲಿ ಜಾಗವೇ ಇಲ್ಲ. ಮೇಣದ ನಾರು, ಕಾಗದ ಚರಂಡಿಗೆ ಬೀಳದಿರಲಿ. ಸಿಪ್ಪೆ, ಗೂಂಜನ್ನು ದನಗಳು ಇಷ್ಟಪಟ್ಟು ತಿನ್ನುತ್ತವೆ. ಮೇಣ ಕಣ್ಣಿಗೆ ಹಾರಿದರೆ ಉಜ್ಜದೆ, ಎಣ್ಣೆಯನ್ನೂ ಹಾಕದೆ, ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಹೋಗಬೇಕು. ರಬ್ಬರ್ ಕೈಗವಸು ತೊಟ್ಟರೆ ಚರ್ಮ ತುರಿಸುವವರಿಗೆ ಹಲಸಿನ ಮೇಣವೂ ಒಗ್ಗದಿರಬಹುದು. ಅಂಥವರು ಆ ದಿನ ಬೇರೆ ಕೆಲಸ ನೋಡಿಕೊಳ್ಳಲಿ.

ಇನ್ನು ಜೂನ್ ತಿಂಗಳ ಬೀಜ. ಇದರಲ್ಲಿ ಮೇಣದ ಕಾಟವಿಲ್ಲ, ಬೇಯಿಸುವುದರಲ್ಲಿ ಮಾತ್ರ ಎಚ್ಚರ ಬೇಕು. ಹಸಿ ಬೀಜದಲ್ಲಿ ನಾವು ತಿಂದ ಸಸಾರಜನಕವು ಜೀರ್ಣವಾಗದಂತೆ ತಡೆಯುವ ಅಂಶವೊಂದಿದೆ. ಚೆನ್ನಾಗಿ ಬೇಯಿಸಿದಾಗ ಅದರ ಶಕ್ತಿ ಕುಂದುತ್ತದೆ. ಬೀಜವನ್ನು ತೊಳೆದು ಒಂದು ದಿನ ನೆರಳಿನಲ್ಲಿ ಆರಿಸಿ, ಗುಂಡುಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ಬಿಳಿ ಹೊದಿಕೆ ಒಡೆದು ಬರುತ್ತದೆ. ಒಳಗಿನ ಕಂದು ಸಿಪ್ಪೆ ಇದ್ದರೂ ಬಾಧಕವಿಲ್ಲ. ಎರಡಾಗಿ ಸೀಳಿ, ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಬೇಯಿಸಬೇಕಾಗಬಹುದು. ಒತ್ತಿದಾಗ ಹಿಟ್ಟಿನಂತೆ ಪುಡಿಯಾಗಬೇಕು, ನಡುವೆ ಗಟ್ಟಿ ಬಿಳಿ ತಿರುಳು ಉಳಿಯಬಾರದು. ಬೀಜದಲ್ಲಿ ಪಿಷ್ಟವೇ ಹೆಚ್ಚು. ಆದ್ದರಿಂದ ತರಕಾರಿಯ ಪೂರ್ತಿ ಅಳತೆಯನ್ನು ಇದರಿಂದಲೇ ತುಂಬಿಸದೆ, ಅರ್ಧದಷ್ಟು ಸೌತೆಕಾಯಿ ಅಥವಾ ಹರಿವೆ ಸೊಪ್ಪನ್ನು ಸೇರಿಸುವುದು ಸರಿಯೆಂದು ನನ್ನ ಅಭಿಪ್ರಾಯ. ಒಮ್ಮೆಗೇ ಹೆಚ್ಚು ಬೀಜ ಬಂದರೆ ಕೆಮ್ಮಣ್ಣಿನ ಕೆಸರನ್ನು ಲೇಪಿಸಿ, ಆರಿಸಿ, ಮಳೆಯ ಪಸೆ ತಾಗದ ಕಡೆ ಇಡಬಹುದು. ಬಳಸುವಾಗ ಮಣ್ಣು ತೊಳೆದು, ಬೂಸಲು ಬಂದಿರುವ, ಒಳಗೆ ಕಪ್ಪಾಗಿರುವ ಬೀಜಗಳನ್ನು ಸೀಳುವಾಗಲೇ ಆರಿಸಿ ತೆಗೆಯಿರಿ.