ಫೋಟೊದ ಕೆಳಗಿನ ಎರಡು ಸಾಲು

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆ ಗೋವಿನಜೋಳ ಹಳದಿಯಾದರೆ ಈಗ ಮೊದಲು ಹೋಗುವುದು ವಾಟ್ಸಾಪ್ ಫೋಟೊ. ಅದರ ಕೆಳಗೆ "ಯಾವ ಎಣ್ಣಿ ಹೊಡೀಬೇಕ್ರಿ?" ಎಂದು ಬರೆದರೆ, ಉತ್ತರವಾಗಿ ಬರುವುದು ಎಣ್ಣೆಯ ಹೆಸರೇ. "ಹುಳ ಬಿದ್ದೈತ್ರಿ" ಎಂದರೆ ನೋಡುವವರ ಕಣ್ಣು ಹುಳವನ್ನೇ ಹುಡುಕುತ್ತದೆ. ನಮ್ಮ ಊಹೆಯೇ ಉತ್ತರವಾಗಿ ಮರಳುತ್ತದೆ.

ಅದೇ ಫೋಟೊಕ್ಕೆ ಹೀಗೆ ಬರೆಯಿರಿ: "ಬಿತ್ತಿ 30 ದಿನ. ಕೆಳಗಿನ ಎಲೆ ಮಾತ್ರ ತುದಿಯಿಂದ ನಡುದಿಂಡಿನ ಗುಂಟ ಹಳದಿ. ವಾರ ಮಳೆ, ನೀರು ನಿಂತಿತ್ತು. ಸುಳಿಯಲ್ಲಿ ಹುಳ, ಹಿಕ್ಕೆ ಇಲ್ಲ. ಕಾರಣ ಏನಿರಬಹುದು?" ಈಗ ತಿಳಿದವರು ಸಾರಜನಕದ ಕೊರತೆಯನ್ನು ಯೋಚಿಸುತ್ತಾರೆ. ಮೊದಲು ನೀರು ಬಸಿಯಿರಿ, ಆಮೇಲೆ ಮೇಲುಗೊಬ್ಬರವಾಗಿ ಯೂರಿಯಾ ಕೊಡಿ ಎನ್ನುತ್ತಾರೆ. ಎಣ್ಣೆಯ ಖರ್ಚು ಉಳಿಯುತ್ತದೆ. ಹಳದಿ ಎಲೆಯ ಅಂಚಿನಲ್ಲಿದ್ದರೆ ಪೊಟ್ಯಾಷ್ ಕೊರತೆಯಿರಬಹುದು. ಆದ್ದರಿಂದ ಹಳದಿ ಎಲ್ಲಿ ಎಂಬ ಒಂದು ಮಾತು ಉತ್ತರವನ್ನೇ ಬದಲಿಸುತ್ತದೆ.

ಕಂಡದ್ದನ್ನು ಬರೆಯಿರಿ, ತೀರ್ಮಾನವನ್ನಲ್ಲ. ಬೇರು ಮಾತ್ರ ಫೋಟೊದಲ್ಲಿ ಕಾಣದು. "ಫೋಟೊ ನೋಡಿ ಹೇಳಲಾಗದು" ಎಂಬ ಉತ್ತರ ಬಂದರೆ ಅದೂ ಒಳ್ಳೆಯ ಉತ್ತರವೇ. ಒಂದು ಗಿಡವನ್ನು ಬೇರುಸಹಿತ ಕಿತ್ತು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ.