ಹೇಳಿದವರಿಗೆ ಶಿಕ್ಷೆಯಿಲ್ಲ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪುಣೆಯಲ್ಲಿ ನನ್ನದೊಂದು ಚಿಕ್ಕ ಕಚೇರಿ. ಹನ್ನೊಂದು ಜನ ಇದ್ದೇವೆ. ಲೆಕ್ಕಪತ್ರ, ಜಿಎಸ್‌ಟಿ, ಆದಾಯ ತೆರಿಗೆ ನಮ್ಮ ಕೆಲಸ. ನಿಮ್ಮಲ್ಲೂ ಹಲವರು ಬುಟಿಕ್, ಟ್ಯೂಷನ್ ಕ್ಲಾಸು, ಕೇಟರಿಂಗ್ ಅಂತ ನಾಲ್ಕೈದು ಜನರಿಗೆ ಸಂಬಳ ಕೊಡುತ್ತಿದ್ದೀರಿ. ಹಾಗಾಗಿ ಇವತ್ತು ನಮ್ಮ ಕಚೇರಿಯ ಮಾಹಿತಿ ಸುರಕ್ಷತೆಯ ನಿಯಮಗಳ ಬಗ್ಗೆ, ಅದರಲ್ಲೂ ನಾನೇ ಬರೆದ ಒಂದು ತಪ್ಪು ಸಾಲಿನ ಬಗ್ಗೆ ಹೇಳುತ್ತೇನೆ.

ನಮ್ಮ ಹಳೆಯ ನಿಯಮ ನಾಲ್ಕು ಪುಟ ಇತ್ತು. ಇಂಟರ್‌ನೆಟ್‌ನಿಂದ ತೆಗೆದು, ಕಚೇರಿಯ ಹೆಸರು ಹಾಕಿ, ಎಲ್ಲರ ಸಹಿ ಪಡೆದಿದ್ದೆ. ಕೊನೆಗೆ ನಾನೇ ಒಂದು ಸಾಲು ಸೇರಿಸಿದ್ದೆ: "ಪಾಸ್‌ವರ್ಡ್ ಸೋರಿದರೆ ಒಂದು ವಾರದ ಸಂಬಳ ಕಡಿತ." ಭಯವಿದ್ದರೆ ಎಚ್ಚರವಿರುತ್ತಾರೆ ಅಂದುಕೊಂಡಿದ್ದೆ.

ಒಂದು ಶುಕ್ರವಾರ ಸಂಜೆ ನಾಲ್ಕರ ಸುಮಾರಿಗೆ, ನಮ್ಮಲ್ಲಿ ಬಿಲ್ಲು ನೋಡಿಕೊಳ್ಳುವ ಹುಡುಗಿಗೆ ಒಂದು ಮೇಲ್ ಬಂತು. ಗಿರಾಕಿಯೊಬ್ಬರು ಫೈಲು ಕಳಿಸಿದ ಹಾಗಿತ್ತು. ಒತ್ತಿದಾಗ ಮತ್ತೆ ಲಾಗಿನ್ ಕೇಳಿತು. ಪಾಸ್‌ವರ್ಡ್ ಹಾಕಿದಳು, ಫೋನಿಗೆ ಬಂದ ಕೋಡನ್ನೂ ಹಾಕಿದಳು. ಪುಟ ಖಾಲಿಯಾಯಿತು. ಏನೋ ಎಡವಟ್ಟಾಯಿತು ಅಂತ ಅವಳಿಗೆ ತಕ್ಷಣ ಗೊತ್ತಾಯಿತು. ಆದರೆ ಸಂಬಳದ ಸಾಲು ನೆನಪಾಗಿ ಯಾರಿಗೂ ಹೇಳಲಿಲ್ಲ. ರಾತ್ರಿ ಮನೆಗೆ ಹೋಗಿ ಪಾಸ್‌ವರ್ಡ್ ಬದಲಾಯಿಸಿ, ಮುಗಿಯಿತು ಅಂದುಕೊಂಡಳು.

ಮುಗಿದಿರಲಿಲ್ಲ. ಆ ನಾಲ್ಕೈದು ಗಂಟೆಗಳಲ್ಲಿ ಕಳ್ಳ ಅವಳ ಮೇಲ್‌ಬಾಕ್ಸಿನಲ್ಲಿ ಒಂದು ಫಿಲ್ಟರ್ ಇಟ್ಟಿದ್ದ. "ಇನ್‌ವಾಯ್ಸ್" ಅನ್ನುವ ಪದವಿರುವ ಪ್ರತಿ ಮೇಲಿನ ಪ್ರತಿಯೂ ಅವನ ವಿಳಾಸಕ್ಕೆ ಹೋಗುತ್ತಿತ್ತು. ಮನೆಯ ಬೀಗ ಬದಲಾಯಿಸಿದರೂ ಹಿಂದಿನ ಕಿಟಕಿ ತೆರೆದೇ ಇದ್ದ ಹಾಗೆ. ಪಾಸ್‌ವರ್ಡ್ ಬದಲಾಯಿಸಿದರೆ ಕಳ್ಳ ಹೊರಗೆ ಹೋಗುತ್ತಾನೆ, ಆದರೆ ಅವನಿಟ್ಟ ಫಿಲ್ಟರ್ ಹಾಗೇ ಉಳಿಯುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಸೋಮವಾರ ನಾವು ಭೋಸರಿಯ ಒಂದು ವರ್ಕ್‌ಶಾಪಿಗೆ 84,000 ರೂಪಾಯಿಯ ಬಿಲ್ಲು ಕಳಿಸಿದೆವು. ಒಂದು ಗಂಟೆಯಲ್ಲಿ ಅವರಿಗೆ ಇನ್ನೊಂದು ಮೇಲ್ ಹೋಯಿತು: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ನಂಬರಿಗೆ ಹಾಕಿ." ವಿಳಾಸದಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸ. ಬಿಲ್ಲಿನ ನಂಬರು, ಮೊತ್ತ ಎಲ್ಲ ಸರಿಯಾಗಿತ್ತು. ಅವರು ಹಣ ಹಾಕಿದರು.

ಬುಧವಾರ ಆ ಮಾಲೀಕರು ಫೋನ್ ಮಾಡಿ, "ಮೇಡಂ, ಹೊಸ ಖಾತೆಗೆ ಹಣ ಬಂತಾ?" ಅಂದಾಗಲೇ ನನಗೆ ತಿಳಿದದ್ದು. ಅವರಿಂದ ಕೂಡಲೇ 1930ಕ್ಕೆ ಕರೆ ಮಾಡಿಸಿದೆ. ಇದು ಹಣದ ಸೈಬರ್ ವಂಚನೆ ದೂರಿಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಹೋದ ಖಾತೆಯಲ್ಲಿ ಇನ್ನೂ ಉಳಿದದ್ದನ್ನು ಬ್ಯಾಂಕಿನ ಮೂಲಕ ತಡೆಹಿಡಿಸುವ ವ್ಯವಸ್ಥೆ ಅಲ್ಲಿದೆ. ಆದರೆ ಎರಡು ದಿನ ಕಳೆದಿತ್ತು. 21,000 ಮಾತ್ರ ಸಿಕ್ಕಿತು. ಉಳಿದದ್ದರಲ್ಲಿ ಅರ್ಧ ನಾನು ಭರಿಸಿದೆ.

ಆ ಹುಡುಗಿ ನನ್ನ ಮುಂದೆ ಕೂತು ಅತ್ತಳು. "ಶುಕ್ರವಾರವೇ ಹೇಳಬೇಕು ಅಂತಿದ್ದೆ ಮೇಡಂ. ಈ ತಿಂಗಳು ತಮ್ಮನ ಫೀಸು ಕಟ್ಟಬೇಕಿತ್ತು" ಅಂದಳು. ಅವಳು ಶುಕ್ರವಾರ ಹೇಳಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತು. ಬಾಯಿ ಮುಚ್ಚಿಸಿದ್ದು ನಾನು ಬರೆದ ಸಾಲು.

ಆಮೇಲೆ ನಾಲ್ಕು ಪುಟ ಹರಿದು ಒಂದೇ ಪುಟ ಬರೆದೆವು, ಎಲ್ಲರೂ ಕೂತು, ಕನ್ನಡ, ಮರಾಠಿ, ಹಿಂದಿಯಲ್ಲಿ ಮಾತಾಡಿ.

ಮೊದಲನೆಯದು ಪಾಸ್‌ವರ್ಡ್. ಮೊದಲು ಪ್ರತಿ ತಿಂಗಳು ಬದಲಾಯಿಸಬೇಕಿತ್ತು. ಜನ ಮಾಡಿದ್ದೇನು? ಜನವರಿಗೆ Pune@Jan, ಫೆಬ್ರವರಿಗೆ Pune@Feb. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಕೂಡ 2017ರಲ್ಲೇ, ಸೋರಿದ ಸುಳಿವು ಸಿಕ್ಕರೆ ಬದಲಾಯಿಸಿ, ಸುಮ್ಮನೆ ತಿಂಗಳು ತಿಂಗಳು ಬದಲಾಯಿಸಲು ಒತ್ತಾಯಿಸಬೇಡಿ ಅಂದಿದೆ. ಈಗ ನಮ್ಮಲ್ಲಿ ಸಂಬಂಧವಿಲ್ಲದ ನಾಲ್ಕು ಪದಗಳ ಉದ್ದನೆಯ ಪಾಸ್‌ವರ್ಡ್, ಮೇಲ್‌ಗೆ ಇಟ್ಟದ್ದು ಬೇರೆಲ್ಲೂ ಬೇಡ. ಗಿರಾಕಿಗಳ ತೆರಿಗೆ ಪೋರ್ಟಲಿನ ಪಾಸ್‌ವರ್ಡ್‌ಗಳೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿದ್ದವು, ಅವನ್ನು ಪಾಸ್‌ವರ್ಡ್ ಮ್ಯಾನೇಜರಿಗೆ ಹಾಕಿದೆವು. ಫೋನಿಗೆ ಬರುವ ಕೋಡನ್ನು ಯಾರಿಗೂ ಹೇಳುವಂತಿಲ್ಲ, ನನಗೂ ಸಹ. ಆದರೆ ನಕಲಿ ಪುಟದಲ್ಲಿ ನಾವೇ ಹಾಕಿದರೆ ಕೋಡೂ ಕಾಪಾಡುವುದಿಲ್ಲ, ನೀವೇ ಕೇಳಿದಿರಲ್ಲ.

ಎರಡನೆಯದು ಸಾಧನಗಳು. ಕಚೇರಿಯ ಮೇಲ್ ಇರುವ ಫೋನಿಗೆ ಲಾಕ್ ಇರಲೇಬೇಕು, ಅದು ಮಕ್ಕಳಿಗೆ ಆಟಕ್ಕಲ್ಲ. ಕಳೆದುಹೋದರೆ ಒಂದು ಗಂಟೆಯೊಳಗೆ ತಿಳಿಸಬೇಕು. ನಾವು ಆ ಫೋನಿನಿಂದ ಖಾತೆಯನ್ನು ಸೈನ್ ಔಟ್ ಮಾಡುತ್ತೇವೆ, ಅವರು ಸಿಮ್ ಬಂದ್ ಮಾಡಿಸುತ್ತಾರೆ. ಸಿಮ್ ಮರೆಯಬಾರದು, ಒಟಿಪಿ ಬರುವುದು ಅದಕ್ಕೇ.

ಮೂರನೆಯದು ತಿಳಿಸುವುದು. ಸಂಶಯ ಬಂದ ಕೂಡಲೇ ನನಗೆ ಫೋನು, ನಾನು ಎತ್ತದಿದ್ದರೆ ನಮ್ಮ ಹಿರಿಯ ಲೆಕ್ಕಿಗರಿಗೆ. ಮೇಲ್ ಕಳಿಸಬಾರದು, ಯಾಕೆಂದರೆ ಕಳ್ಳ ಅದನ್ನೂ ಓದುತ್ತಿರಬಹುದು. ಬಂದ ಮೇಲನ್ನು ಅಳಿಸಬಾರದು, ಅದೇ ಸಾಕ್ಷಿ. ಆಮೇಲೆ ಇಬ್ಬರು ಕೂತು ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ Filters and Blocked Addresses ಮತ್ತು Forwarding and POP/IMAP ಎರಡನ್ನೂ ತೆರೆದು ನೋಡುತ್ತೇವೆ. ಗೊತ್ತಿಲ್ಲದ ವಿಳಾಸ ಕಂಡರೆ ಫೋಟೋ ತೆಗೆದುಕೊಂಡು ಅಳಿಸುತ್ತೇವೆ. ಹಣ ಹೋಗಿದ್ದರೆ 1930. ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಆದೇಶದಲ್ಲೂ ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು ಎಂದಿದೆ. ನಮ್ಮವರೇ ನಮಗೆ ಹೇಳದಿದ್ದರೆ ಆ ಆರು ಗಂಟೆಯ ಲೆಕ್ಕ ಎಲ್ಲಿಂದ ಹಿಡಿಯುವುದು?

ಕೊನೆಯದು ಶಿಕ್ಷೆ. ಶಿಕ್ಷೆ ಇದೆ, ಆದರೆ ಜಾಗ ಬದಲಾಗಿದೆ. ತಪ್ಪು ಮಾಡಿ ತಾನೇ ಹೇಳಿದವರಿಗೆ ಏನೂ ಇಲ್ಲ. ಸಂಬಳಕ್ಕೆ ಕೈ ಹಾಕುವುದಿಲ್ಲ, ಮೀಟಿಂಗಿನಲ್ಲಿ ಹೆಸರು ಹೇಳುವುದಿಲ್ಲ. ಗೊತ್ತಿದ್ದೂ ಮುಚ್ಚಿಟ್ಟರೆ ಲಿಖಿತ ಎಚ್ಚರಿಕೆ. ಬೇಕೆಂದೇ ಗಿರಾಕಿಯ ಕಾಗದಪತ್ರ ಹೊರಗೆ ಕೊಟ್ಟರೆ, ವಿವರಣೆ ಕೇಳಿದ ಮೇಲೆ, ಕೆಲಸದಿಂದ ತೆಗೆಯುತ್ತೇವೆ. ಮಾಲೀಕಳಿಗೂ ಇದೇ ನಿಯಮ. ಮೊದಲ ತಿಂಗಳಲ್ಲೇ ನನ್ನ ಫೋನನ್ನು ರಿಕ್ಷಾದಲ್ಲಿ ಬಿಟ್ಟು ಬಂದೆ, ಎಲ್ಲರ ಮುಂದೆ ಹೇಳಿದೆ.

ಆ ಹುಡುಗಿಯ ಸಂಬಳ ಕಡಿಯಲಿಲ್ಲ. ಹಳೆಯ ನಿಯಮದಂತೆ ಕಡಿಯಬೇಕಿತ್ತು ಅಂತ ಕೆಲವರು ಗೊಣಗಿದರು. ಆದರೆ ಹಿಂದಿನ ಎರಡು ವರ್ಷದಲ್ಲಿ ಯಾರೂ ಒಂದೂ ಸಂಶಯ ಹೇಳಿರಲಿಲ್ಲ, ಹೊಸ ನಿಯಮದ ಮೊದಲ ಮೂರು ತಿಂಗಳಲ್ಲಿ ಏಳು ಸಲ ಫೋನ್ ಬಂತು. ಆರು ಏನೂ ಅಲ್ಲ. ಏಳನೆಯದು ನಿಜ. ಅದೇ ತರಹದ ನಕಲಿ ಪುಟ, ಒಬ್ಬರು ಪಾಸ್‌ವರ್ಡ್ ಹಾಕಿಬಿಟ್ಟಿದ್ದರು. ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆವು. ಫಿಲ್ಟರ್ ಇಡಲು ಕಳ್ಳನಿಗೆ ಸಮಯ ಸಿಕ್ಕಿರಲಿಲ್ಲ. ಅವತ್ತು ಕಂಪ್ಯೂಟರಿನ ಮುಂದೆ ಕೂತು ಸೆಟ್ಟಿಂಗ್ಸ್ ತೆರೆದು ನೋಡಿದವಳು ಅದೇ ಹುಡುಗಿ.

ಮನೆಗೆ ಹೋಗಿ ನಿಮ್ಮ ನಿಯಮದ ಕಾಗದ ತೆಗೆಯಿರಿ. ತಪ್ಪು ಮಾಡಿದವರು ಅದನ್ನು ಓದಿ ನಿಮಗೆ ಫೋನ್ ಮಾಡುತ್ತಾರೋ, ಫೋನ್ ಬದಿಗಿಡುತ್ತಾರೋ ನೋಡಿ.